ಒಂದು ಅಂಕಿ, ಎರಡು ಪಾಲು

ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಓಲ್ಡ್ ಫೇತ್‌ಫುಲ್ ಎಂಬ ಬಿಸಿನೀರಿನ ಬುಗ್ಗೆಯಿದೆ. ನೆಲದೊಳಗಿನ ಕಾವಿಗೆ ಕುದಿದ ನೀರು ಆಗಾಗ ಆಕಾಶಕ್ಕೆ ಚಿಮ್ಮುತ್ತದೆ, ಕೆಲವು ನಿಮಿಷ ಆರ್ಭಟಿಸಿ ಸುಮ್ಮನಾಗುತ್ತದೆ. ಒಂದು ಚಿಮ್ಮಿಗೂ ಮುಂದಿನ ಚಿಮ್ಮಿಗೂ ನಡುವೆ ಎಷ್ಟು ಹೊತ್ತು ಕಾಯಬೇಕು? 1980ರ ದಶಕದಲ್ಲಿ ಬರೆದಿಟ್ಟ ಇಂಥ 272 ಕಾಯುವಿಕೆಗಳ ಪಟ್ಟಿಯೊಂದು ಸಂಖ್ಯಾಶಾಸ್ತ್ರದ ತರಗತಿಗಳಲ್ಲಿ ಬಹಳ ಹೆಸರುವಾಸಿ. ಅತಿ ಕಡಿಮೆ ಎಂದರೆ 43 ನಿಮಿಷ, ಅತಿ ಹೆಚ್ಚು ಎಂದರೆ 96. ಸರಾಸರಿ ಸುಮಾರು 71.

ಈ ಸರಾಸರಿಯನ್ನು ನಂಬಿ ಕೂತವನಿಗೆ ಮೋಸ ಖಂಡಿತ. ಏಕೆಂದರೆ 71ರ ಆಸುಪಾಸಿನಲ್ಲಿ ಬುಗ್ಗೆ ಚಿಮ್ಮುವುದು ಕಡಿಮೆ. ಅಂಕಿಗಳನ್ನು ಸಾಲಾಗಿ ಜೋಡಿಸಿ ಚಿತ್ರ ಬರೆದರೆ ಎರಡು ದಿಬ್ಬಗಳು ಏಳುತ್ತವೆ: ಒಂದು 55ರ ಹತ್ತಿರ, ಇನ್ನೊಂದು 80ರ ಹತ್ತಿರ, ನಡುವೆ ತಗ್ಗು. ಕಾರಣ ನೆಲದೊಳಗಿದೆ. ಬುಗ್ಗೆ ಎರಡೇ ನಿಮಿಷ ಚಿಮ್ಮಿ ನಿಂತರೆ ಒಳಗಿನ ನೀರು ಪೂರ್ತಿ ಖಾಲಿಯಾಗಿರುವುದಿಲ್ಲ, ಹಾಗಾಗಿ ಮುಂದಿನ ಸರದಿ ಬೇಗ ಬರುತ್ತದೆ. ನಾಲ್ಕೂವರೆ ನಿಮಿಷ ಚಿಮ್ಮಿದರೆ ಮತ್ತೆ ತುಂಬಿ ಕಾಯಲು ಹೊತ್ತು ಹಿಡಿಯುತ್ತದೆ. ಅಂದರೆ ಪಟ್ಟಿಯಲ್ಲಿರುವುದು ಎರಡು ಬಗೆಯ ಕಾಯುವಿಕೆ. ಒಂದನ್ನು ಬೇಗದ ಗುಂಪು, ಇನ್ನೊಂದನ್ನು ತಡದ ಗುಂಪು ಎನ್ನೋಣ. ಆದರೆ ಯಾವ ಅಂಕಿ ಯಾವ ಗುಂಪಿನದು ಎಂದು ಪಟ್ಟಿಯಲ್ಲಿ ಬರೆದಿಲ್ಲ. 54 ಯಾವುದು ಎಂದು ಕೇಳಬೇಕಿಲ್ಲ, 85 ಯಾವುದು ಎಂದೂ ಕೇಳಬೇಕಿಲ್ಲ. 67 ಯಾವುದು?

ಗುಂಪು ಬಿಡಿಸಲು ಎಲ್ಲರೂ ಮೊದಲು ಕೈಗೆತ್ತಿಕೊಳ್ಳುವ ವಿಧಾನ ಕೆ-ಮೀನ್ಸ್. ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಲಾಯ್ಡ್ 1957ರಲ್ಲೇ ಇದನ್ನು ಬರೆದಿದ್ದರೂ ಅದು ಅಚ್ಚಾಗಿದ್ದು 1982ರಲ್ಲಿ. ಈ ಹೆಸರು ಬಂದದ್ದು 1967ರಲ್ಲಿ ಜೇಮ್ಸ್ ಮ್ಯಾಕ್ವೀನ್ ಬರೆದ ಪ್ರಬಂಧದಿಂದ. ವಿಧಾನ ತೀರಾ ಸರಳ. ಎರಡು ಕೇಂದ್ರಗಳನ್ನು ಅಂದಾಜಿನಲ್ಲಿ ಇಡಿ. ಪ್ರತಿ ಅಂಕಿಯನ್ನೂ ತನಗೆ ಹತ್ತಿರದ ಕೇಂದ್ರಕ್ಕೆ ಸೇರಿಸಿ. ಸೇರಿದವುಗಳ ಸರಾಸರಿ ತೆಗೆದು ಕೇಂದ್ರವನ್ನು ಅಲ್ಲಿಗೆ ಸರಿಸಿ. ಯಾವ ಅಂಕಿಯೂ ಗುಂಪು ಬದಲಿಸದಿರುವ ತನಕ ಇದನ್ನೇ ಮಾಡುತ್ತಿರಿ. ನಮ್ಮ ಪಟ್ಟಿಯಲ್ಲಿ ಇದು ಸುಮಾರು 54.8 ಮತ್ತು 80.3ರಲ್ಲಿ ಬಂದು ನಿಲ್ಲುತ್ತದೆ. ಎರಡರ ನಟ್ಟನಡುವೆ, 67.5ರಲ್ಲಿ, ಗಡಿ ಬೀಳುತ್ತದೆ. 67 ನಿಮಿಷದ ಕಾಯುವಿಕೆ ಪೂರ್ತಿಯಾಗಿ ಬೇಗದ ಗುಂಪಿಗೆ, 68 ನಿಮಿಷದ್ದು ಪೂರ್ತಿಯಾಗಿ ತಡದ ಗುಂಪಿಗೆ. 67ಕ್ಕೂ 45ಕ್ಕೂ ಈ ಲೆಕ್ಕದಲ್ಲಿ ಯಾವ ವ್ಯತ್ಯಾಸವೂ ಇಲ್ಲ, ಎರಡೂ ಬೇಗದ ಗುಂಪಿನ ಸಮಾನ ಸದಸ್ಯರು. ನಡುವೆ ನಿಂತವನ ಗೊಂದಲ ಈ ವಿಧಾನದ ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನೊಂದು ದಾರಿ ಪ್ರಶ್ನೆಯನ್ನೇ ಬೇರೆ ರೀತಿ ಕೇಳುತ್ತದೆ. ಈ ಅಂಕಿಗಳು ಹುಟ್ಟಿದ್ದು ಹೇಗಿರಬಹುದು? ಬುಗ್ಗೆ ಪ್ರತಿ ಸಲವೂ ಮೊದಲು ಎರಡು ಬಗೆಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತದೆ, ಆಮೇಲೆ ಆ ಬಗೆಯ ಸರಾಸರಿಯ ಸುತ್ತ ತುಸು ಹೆಚ್ಚುಕಡಿಮೆ ಹೊತ್ತು ಕಾಯಿಸುತ್ತದೆ ಎಂದು ಭಾವಿಸೋಣ. ಹೆಚ್ಚುಕಡಿಮೆಯಾಗುವ ಬಗೆಯನ್ನು ಘಂಟೆಯಾಕಾರದ ಗಾಸಿಯನ್ ರೇಖೆಯಿಂದ ವಿವರಿಸೋಣ. ಆಗ ನಮಗೆ ತಿಳಿಯಬೇಕಾದದ್ದು ಪ್ರತಿ ಘಂಟೆಗೂ ಮೂರು ಸಂಗತಿ: ಅದರ ಕೇಂದ್ರ ಎಲ್ಲಿದೆ, ಅದರ ಹರವು ಎಷ್ಟು, ಒಟ್ಟು ಅಂಕಿಗಳಲ್ಲಿ ಅದರ ಪಾಲು ಎಷ್ಟು. ಇಷ್ಟೇ ಗಾಸಿಯನ್ ಮಿಶ್ರಣ ಮಾದರಿ.

ಈ ಯೋಚನೆ ಕಂಪ್ಯೂಟರಿಗಿಂತ ಹಳೆಯದು. 1894ರಲ್ಲಿ ಲಂಡನ್ನಿನ ಕಾರ್ಲ್ ಪಿಯರ್ಸನ್, ನೇಪಲ್ಸ್ ಕಡಲತೀರದಿಂದ ಜೀವಶಾಸ್ತ್ರಜ್ಞ ವೆಲ್ಡನ್ ಅಳೆದು ತಂದಿದ್ದ 1000 ಏಡಿಗಳ ಅಂಕಿಗಳನ್ನು ಎರಡು ಘಂಟೆಗಳಾಗಿ ಬಿಡಿಸಲು ಹೊರಟರು. ಅದಕ್ಕಾಗಿ ಒಂಬತ್ತನೇ ಘಾತದ ಸಮೀಕರಣವೊಂದನ್ನು ಕೈಯಲ್ಲೇ ಬಿಡಿಸಬೇಕಾಯಿತು. ಮನುಷ್ಯರು ಮಾಡುವ ಕೆಲಸವಲ್ಲ ಅದು. 1948ರಲ್ಲಿ ಇದೇ ಸಮಸ್ಯೆಗೆ ಬೇರೊಂದು ಹಾದಿ ಹಿಡಿದವರು ಸಿ. ಆರ್. ರಾವ್, ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದವರು. ಎರಡೂ ಘಂಟೆಗಳ ಹರವು ಒಂದೇ ಎಂದು ಇಟ್ಟುಕೊಂಡು, ಕೈಯಲ್ಲಿರುವ ಅಂಕಿಗಳು ಬರುವ ಸಾಧ್ಯತೆ ಅತಿ ಹೆಚ್ಚಾಗುವಂತೆ ಉಳಿದ ಸಂಗತಿಗಳನ್ನು ಆರಿಸುವುದು ಅವರ ದಾರಿ. ಹರವು ಒಂದೇ ಎಂಬ ಆ ಕಟ್ಟುಪಾಡು ಎಷ್ಟು ಜಾಣತನದ್ದು ಎಂಬುದು ಮುಂದೆ ಕಾಣುತ್ತದೆ.

ಕಷ್ಟ ಇರುವುದು ಇಲ್ಲಿ. ಯಾವ ಅಂಕಿ ಯಾವ ಗುಂಪಿನದು ಎಂದು ಗೊತ್ತಿದ್ದರೆ ಕೇಂದ್ರ, ಹರವು, ಪಾಲು ತೆಗೆಯುವುದು ಹೈಸ್ಕೂಲಿನ ಲೆಕ್ಕ. ಕೇಂದ್ರ, ಹರವು, ಪಾಲು ಗೊತ್ತಿದ್ದರೆ ಯಾವ ಅಂಕಿ ಯಾವ ಗುಂಪಿನದು ಎಂದು ಹೇಳುವುದೂ ಸುಲಭ. ಎರಡೂ ಗೊತ್ತಿಲ್ಲ. ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಪೇಚು. ಇದರಿಂದ ಹೊರಬರುವ ಉಪಾಯವನ್ನು ಹಲವರು ಹಲವು ಕಾಲದಲ್ಲಿ ತಂತಮ್ಮ ಸಮಸ್ಯೆಗೆ ಬೇಕಾದಷ್ಟು ಮಟ್ಟಿಗೆ ಕಂಡುಕೊಂಡಿದ್ದರು. ಅವೆಲ್ಲ ಒಂದೇ ಉಪಾಯದ ರೂಪಗಳೆಂದು ತೋರಿಸಿ ಎಕ್ಸ್‌ಪೆಕ್ಟೇಶನ್ ಮ್ಯಾಕ್ಸಿಮೈಸೇಶನ್, ಚಿಕ್ಕದಾಗಿ ಇ-ಎಂ, ಎಂದು ಹೆಸರಿಟ್ಟವರು ಡೆಂಪ್‌ಸ್ಟರ್, ಲೇರ್ಡ್ ಮತ್ತು ರೂಬಿನ್. ಅದು 1977ರಲ್ಲಿ.

ಉಪಾಯ ಏನೆಂದು ಪಟ್ಟಿಯ ಮೊದಲ ಆರು ಅಂಕಿಗಳ ಮೇಲೆ ಮಾಡಿಯೇ ನೋಡೋಣ: 79, 54, 74, 62, 85, 55. ಪೆನ್ನು, ಕಾಗದ, ಕ್ಯಾಲ್ಕ್ಯುಲೇಟರ್ ಸಾಕು.

ಎಲ್ಲಿಂದಲೋ ಶುರು ಮಾಡಬೇಕಲ್ಲ. ಬೇಗದ ಕೇಂದ್ರ 55, ತಡದ ಕೇಂದ್ರ 80, ಎರಡರ ಹರವೂ 10, ಪಾಲು ಅರ್ಧರ್ಧ ಎಂದು ಊಹಿಸೋಣ. ಈಗ 62ನ್ನು ತೆಗೆದುಕೊಳ್ಳಿ. ಘಂಟೆಯ ತುದಿಯ ಎತ್ತರ 1 ಎಂದಾದರೆ, 62ರ ಜಾಗದಲ್ಲಿ ಬೇಗದ ಘಂಟೆಯ ಎತ್ತರ 0.78. ತಡದ ಘಂಟೆಯ ಬಾಲ ಅಲ್ಲಿಗೆ ಬರುವಷ್ಟರಲ್ಲಿ 0.20ಕ್ಕೆ ಇಳಿದಿರುತ್ತದೆ. ಎರಡೂ ಸೇರಿ 0.98. ಅದರಲ್ಲಿ ಬೇಗದ ಘಂಟೆಯದು ಸುಮಾರು 0.80 ಭಾಗ. ಹಾಗಾದರೆ 62 ಎಂಬ ಅಂಕಿಯ ನೂರಕ್ಕೆ ಎಂಬತ್ತು ಪಾಲು ಬೇಗದ ಗುಂಪಿಗೆ, ಉಳಿದ ಇಪ್ಪತ್ತು ತಡದ ಗುಂಪಿಗೆ. ಬುಗ್ಗೆ ಚಿಮ್ಮಿದ್ದು ಒಂದೇ ಸಲ, ಅದು ಎರಡು ಬಗೆಯಲ್ಲಿ ಒಂದೇ ಬಗೆಯದು. ಹಂಚಿಹೋಗಿರುವುದು ನಮ್ಮ ತಿಳಿವು ಮಾತ್ರ. ಇದೇ ಲೆಕ್ಕದಲ್ಲಿ ಆರೂ ಅಂಕಿಗಳಿಗೆ ಬೇಗದ ಗುಂಪಿನ ಪಾಲು ಹೀಗೆ: 79ಕ್ಕೆ 0.05, 54ಕ್ಕೆ 0.97, 74ಕ್ಕೆ 0.16, 62ಕ್ಕೆ 0.80, 85ಕ್ಕೆ 0.01, 55ಕ್ಕೆ 0.96. ಈ ಹಂಚಿಕೆಯೇ ಇ ಹಂತ.

ಎಂ ಹಂತದಲ್ಲಿ ಈ ಪಾಲುಗಳನ್ನೇ ತೂಕವಾಗಿ ಇಟ್ಟುಕೊಂಡು ಸರಾಸರಿ ತೆಗೆಯುತ್ತೇವೆ. ಬೇಗದ ಗುಂಪಿನ ಒಟ್ಟು ತೂಕ 2.95, ಅಂದರೆ ಆ ಗುಂಪಿನಲ್ಲಿರುವುದು ಮೂರಕ್ಕೆ ತುಸು ಕಡಿಮೆ ಅಂಕಿಗಳು. ಪ್ರತಿ ಅಂಕಿಯನ್ನು ಅದರ ಪಾಲಿನಿಂದ ಗುಣಿಸಿ ಕೂಡಿದರೆ 171.4. ಭಾಗಿಸಿದರೆ ಹೊಸ ಕೇಂದ್ರ 58.1. ಉಳಿದ ಪಾಲುಗಳಿಂದ ತಡದ ಕೇಂದ್ರ 77.9. ಹರವನ್ನೂ ಇದೇ ತೂಕಗಳಿಂದ ಮತ್ತೆ ಲೆಕ್ಕ ಹಾಕಿದರೆ, ನಾವು ಕಣ್ಣುಮುಚ್ಚಿ ಇಟ್ಟಿದ್ದ 10, ಬೇಗದ ಗುಂಪಿಗೆ ಸುಮಾರು 6ಕ್ಕೆ, ತಡದ ಗುಂಪಿಗೆ ಸುಮಾರು 7ಕ್ಕೆ ಇಳಿಯುತ್ತದೆ. ಪಾಲು 0.49 ಮತ್ತು 0.51.

ಈಗ ಮತ್ತೆ ಇ ಹಂತ. ಘಂಟೆಗಳು ಕಿರಿದಾಗಿವೆ, ಹಾಗಾಗಿ ಒಂದರ ಬಾಲ ಇನ್ನೊಂದರೊಳಗೆ ಮೊದಲಿನಷ್ಟು ಚಾಚುವುದಿಲ್ಲ. 62ರಲ್ಲಿ ಬೇಗದ ಗುಂಪಿನ ಪಾಲು 0.80ರಿಂದ 0.92ಕ್ಕೆ ಏರುತ್ತದೆ, 74ರಲ್ಲಿ 0.16ರಿಂದ 0.04ಕ್ಕೆ ಬೀಳುತ್ತದೆ. ಒಂದೇ ಸುತ್ತಿನಲ್ಲಿ ಮಬ್ಬು ಅಷ್ಟು ತಿಳಿಯಾಯಿತು. ಸುತ್ತು ಮುಂದುವರಿದಂತೆ ಬದಲಾವಣೆ ಸಣ್ಣದಾಗುತ್ತ ಕೊನೆಗೆ ನಿಲ್ಲುತ್ತದೆ.

ಇದೇ ಆರು ಅಂಕಿಗಳಿಗೆ ಕೆ-ಮೀನ್ಸ್ ಮಾಡಿದ್ದರೆ 54, 62, 55 ಒಂದು ಕಡೆ, 79, 74, 85 ಇನ್ನೊಂದು ಕಡೆ. ಕೇಂದ್ರಗಳು 57 ಮತ್ತು 79.3. ಒಂದೇ ಸುತ್ತಿಗೆ ಕೆಲಸ ಮುಗಿಯಿತು, ಅದು ಅದರ ಹೆಚ್ಚುಗಾರಿಕೆ. ಇ-ಎಂನ ಮೊದಲ ಸುತ್ತಿನ ಕೇಂದ್ರಗಳಿಗೆ ಹೋಲಿಸಿದರೆ ಇವು ಒಂದಕ್ಕೊಂದು ಹೆಚ್ಚು ದೂರ ನಿಂತಿವೆ ಎಂಬುದನ್ನು ಗಮನಿಸಿ. ಕಾರಣಕ್ಕೆ ಆಮೇಲೆ ಬರುತ್ತೇನೆ.

ಇ-ಎಂನ ಒಂದು ಗುಣ ಪ್ರೋಗ್ರಾಂ ಬರೆಯುವವರಿಗೆ ಬಲು ಉಪಯೋಗ. ಪ್ರತಿ ಸುತ್ತಿನ ನಂತರ, ಈಗಿನ ಘಂಟೆಗಳಿಂದ ನಮ್ಮ ಅಂಕಿಗಳು ಹುಟ್ಟುವ ಸಾಧ್ಯತೆ ಎಷ್ಟೆಂದು ಲೆಕ್ಕ ಹಾಕಬಹುದು. ಇದನ್ನು ಲೈಕ್ಲಿಹುಡ್ ಎನ್ನುತ್ತಾರೆ. ಅದು ಸುತ್ತಿನಿಂದ ಸುತ್ತಿಗೆ ಏರಬಹುದು, ಇದ್ದಲ್ಲೇ ಇರಬಹುದು, ಇಳಿಯುವುದು ಮಾತ್ರ ಸಾಧ್ಯವಿಲ್ಲ. ಇಳಿದಿತೆಂದರೆ ದೋಷ ಅಂಕಿಗಳದ್ದಲ್ಲ, ಬರೆದ ಪ್ರೋಗ್ರಾಮಿನದು.

ಪೂರ್ತಿ 272 ಅಂಕಿಗಳ ಮೇಲೆ ಇ-ಎಂ ಓಡಿಸಿದರೆ ಕೇಂದ್ರಗಳು 54.6 ಮತ್ತು 80.1ರಲ್ಲಿ ನಿಲ್ಲುತ್ತವೆ. ಎರಡರ ಹರವೂ ಹೆಚ್ಚುಕಡಿಮೆ 5.9. ಪಾಲು 0.36 ಮತ್ತು 0.64. ಓದುಗರು ಇಲ್ಲಿ ಹುಬ್ಬೇರಿಸಬಹುದು: ಕೆ-ಮೀನ್ಸ್ ಕೊಟ್ಟಿದ್ದೂ 54.8 ಮತ್ತು 80.3 ತಾನೆ? ಕಾಲು ನಿಮಿಷದ ವ್ಯತ್ಯಾಸವೂ ಇಲ್ಲ. ನಿಜ. ಗುಂಪುಗಳು ಇಷ್ಟು ದೂರ ಇರುವಾಗ ಕೇಂದ್ರಗಳಷ್ಟೇ ಸಾಕೆನ್ನುವವರಿಗೆ ಕೆ-ಮೀನ್ಸ್ ಧಾರಾಳ ಸಾಕು. ಇ-ಎಂ ಇದಕ್ಕಿಂತ ಎಂದೆಂದಿಗೂ ಮೇಲು ಎಂದು ಹೇಳುವವರ ಮಾತು ನನಗೆ ರುಚಿಸುವುದಿಲ್ಲ.

ವ್ಯತ್ಯಾಸ ಕಾಣುವುದು 67ರಲ್ಲಿ. ಮಿಶ್ರಣ ಮಾದರಿಯ ಪ್ರಕಾರ 67 ನಿಮಿಷದ ಕಾಯುವಿಕೆ ಬೇಗದ ಗುಂಪಿನದಾಗಿರುವ ಸಂಭವ ನೂರಕ್ಕೆ 42, ತಡದ ಗುಂಪಿನದಾಗಿರುವ ಸಂಭವ 58. ಕೆ-ಮೀನ್ಸ್ ಕಣ್ಣು ಮಿಟುಕಿಸದೆ ಅದನ್ನು ಬೇಗದ ಗುಂಪಿಗೆ ಕೊಟ್ಟಿತ್ತು. ಅನುಮಾನ ಇದೆ ಎಂಬುದೊಂದೇ ಅಲ್ಲ, ವಾಲುವ ದಿಕ್ಕೇ ತಿರುಗಿದೆ. 67 ತುಸುವೇ ಬೇಗದ ಕೇಂದ್ರಕ್ಕೆ ಹತ್ತಿರವಿದೆ, ಆದರೆ ತಡದ ಕಾಯುವಿಕೆಗಳು ಒಟ್ಟಾರೆ ಸುಮಾರು ಎರಡು ಪಟ್ಟು ಹೆಚ್ಚು. ನಟ್ಟನಡುವೆ ಸಿಕ್ಕ ಅಂಕಿ ದೊಡ್ಡ ಗುಂಪಿನಿಂದ ಬಂದಿರುವ ಸಂಭವವೇ ಜಾಸ್ತಿ. ಕೆ-ಮೀನ್ಸ್ ದೂರವನ್ನಷ್ಟೇ ಅಳೆಯುತ್ತದೆ, ಗುಂಪಿನ ಗಾತ್ರವನ್ನು ಕೇಳುವುದಿಲ್ಲ. ಇತ್ತ 60 ನಿಮಿಷಕ್ಕೆ ಬಂದರೆ ಮಿಶ್ರಣ ಮಾದರಿಯೂ ನೂರಕ್ಕೆ 99 ಬೇಗದ್ದೇ ಎನ್ನುತ್ತದೆ. 70ಕ್ಕೆ ಹೋದರೆ ಬೇಗದ ಪಾಲು ನೂರಕ್ಕೆ 7. ಗೊಂದಲ ಇರುವುದು ಕೆಲವೇ ನಿಮಿಷಗಳ ಪಟ್ಟಿಯಲ್ಲಿ, ಅದು ಎಲ್ಲಿದೆ ಎಂದು ಹೇಳುವುದೇ ಈ ಮಾದರಿಯ ಲಾಭ.

ಎರಡೂ ವಿಧಾನಗಳು ಬೇರೆ ಬೇರೆ ಕುಲದವು ಎಂದುಕೊಳ್ಳಬೇಡಿ. ಕೇಂದ್ರಗಳನ್ನೂ ಪಾಲುಗಳನ್ನೂ ಹಾಗೇ ಇಟ್ಟು ಹರವನ್ನು ಮಾತ್ರ 5.9ರಿಂದ 1ಕ್ಕೆ ಇಳಿಸಿ ನೋಡಿ. ಅದೇ 67, ಈಗ ನೂರಕ್ಕೆ 99.98 ಬೇಗದ ಗುಂಪಿನದಾಗುತ್ತದೆ. ಘಂಟೆಗಳು ಸೂಜಿಯಂತೆ ಕಿರಿದಾದಾಗ, ಯಾವ ಕೇಂದ್ರ ಕೂದಲೆಳೆಯಷ್ಟು ಹತ್ತಿರವೋ ಅದೇ ಪೂರ್ತಿ ಗೆಲ್ಲುತ್ತದೆ, ಗುಂಪಿನ ಗಾತ್ರದ ಮಾತು ನಡೆಯುವುದಿಲ್ಲ. ಹರವು ಸೊನ್ನೆಯತ್ತ ಸಾಗಿದಂತೆ ಇ-ಎಂ ಕೆ-ಮೀನ್ಸ್ ಆಗಿಬಿಡುತ್ತದೆ. ಹಾಗೆ ನೋಡಿದರೆ ಕೆ-ಮೀನ್ಸ್ ಬಳಸುವವರು ತಮಗೆ ಗೊತ್ತಿಲ್ಲದೆ, ನನ್ನ ಗುಂಪುಗಳೆಲ್ಲ ಒಂದೇ ಹರವಿನವು, ಎಲ್ಲ ದಿಕ್ಕಿಗೂ ದುಂಡಗೆ ಇರುವವು ಎಂಬ ನಂಬಿಕೆಗೆ ಸಹಿ ಹಾಕಿರುತ್ತಾರೆ.

ಗುಂಪುಗಳು ಒಂದರ ಮೇಲೊಂದು ಬಿದ್ದಿದ್ದಾಗ ಈ ನಂಬಿಕೆ ದುಬಾರಿ. ಸಮ ಗಾತ್ರದ ಎರಡು ಗುಂಪುಗಳಿವೆ, ಎತ್ತರದ ಸರಾಸರಿಯಲ್ಲಿ ನಿಜವಾದ ಅಂತರ 12 ಸೆಂಟಿಮೀಟರ್, ಪ್ರತಿಯೊಂದರ ಹರವು 6 ಎಂದಿಟ್ಟುಕೊಳ್ಳಿ. ಅಂಕಿಗಳು ಬೇಕಾದಷ್ಟಿದ್ದರೂ ಕೆ-ಮೀನ್ಸ್ ಈ ಅಂತರವನ್ನು ಸುಮಾರು 14 ಎಂದೂ ಹರವನ್ನು 4.8 ಎಂದೂ ಹೇಳುತ್ತದೆ. ಗಡಿಯಾಚೆಗೆ ಚಾಚಿದ ಬಾಲಗಳನ್ನು ಕತ್ತರಿಸಿ ಎದುರಿನ ಗುಂಪಿಗೆ ಒಪ್ಪಿಸಿಬಿಡುವುದರಿಂದ ಪ್ರತಿ ಗುಂಪೂ ಇರುವುದಕ್ಕಿಂತ ಅಚ್ಚುಕಟ್ಟಾಗಿ, ಇರುವುದಕ್ಕಿಂತ ದೂರದಲ್ಲಿ ಕಾಣುತ್ತದೆ. ನಮ್ಮ ಆರು ಅಂಕಿಗಳಲ್ಲಿ ಕೇಂದ್ರಗಳು ದೂರ ಸರಿದಿದ್ದಕ್ಕೂ ಇದೇ ಕಾರಣ. ಇನ್ನಷ್ಟು ಅಂಕಿ ತಂದು ಸುರಿದರೂ ಈ ತಪ್ಪು ಕರಗುವುದಿಲ್ಲ.

ಅಳತೆಯ ಮಾನದ ತೊಡಕು ಬೇರೆಯದೇ ಬಗೆಯದು. ಬುಗ್ಗೆಯ ಪಟ್ಟಿಯಲ್ಲಿ ಇನ್ನೊಂದು ಕಾಲಂ ಇದೆ: ಪ್ರತಿ ಚಿಮ್ಮು ಎಷ್ಟು ನಿಮಿಷ ನಡೆಯಿತು ಎಂಬುದು. ಅದು ಸುಮಾರು ಒಂದೂವರೆಯಿಂದ ಐದು ನಿಮಿಷದ ನಡುವೆ ಆಡುತ್ತದೆ. ಎರಡೂ ಕಾಲಂ ಸೇರಿಸಿ ಕೆ-ಮೀನ್ಸ್‌ಗೆ ಕೊಟ್ಟರೆ, 43ರಿಂದ 96ರವರೆಗೆ ಹರಡಿರುವ ಕಾಯುವಿಕೆಯ ಎದುರು ಚಿಮ್ಮಿನ ಅವಧಿಯ ಮಾತು ಕೇಳಿಸುವುದೇ ಇಲ್ಲ. ಅವಧಿಯನ್ನು ನಿಮಿಷದ ಬದಲು ಸೆಕೆಂಡಿನಲ್ಲಿ ಬರೆದು ನೋಡಿ, ಈಗ ಅದೇ ಯಜಮಾನ, ಕಾಯುವಿಕೆ ಮೂಲೆಗೆ. ಬುಗ್ಗೆ ಬದಲಾಗಿಲ್ಲ, ಗಡಿ ಬದಲಾಯಿತು. ಮಿಶ್ರಣ ಮಾದರಿಯಲ್ಲಿ ಪ್ರತಿ ಗುಂಪಿಗೂ ತನ್ನದೇ ಅಂಡಾಕಾರವಿರುತ್ತದೆ. ಉದ್ದ, ಅಗಲ, ವಾಲಿಕೆ ಎಲ್ಲವೂ ಅಂಕಿಗಳಿಂದಲೇ ಕಲಿತದ್ದು. ಹಾಗಾಗಿ ನಿಮಿಷವಾದರೇನು ಸೆಕೆಂಡಾದರೇನು, ಪಾಲು ಹಂಚಿಕೆ ಒಂದೇ.

ಇಷ್ಟು ಸ್ವಾತಂತ್ರ್ಯ ಕೊಟ್ಟದ್ದಕ್ಕೆ ದಂಡವೂ ಇದೆ. ಒಂದು ಘಂಟೆ ಹೋಗಿ ಸರಿಯಾಗಿ ಒಂದೇ ಅಂಕಿಯ ಮೇಲೆ ಕೂತಿತೆನ್ನಿ. ಅದು ಕಿರಿದಾದಷ್ಟೂ ಅದರ ತುದಿ ಎತ್ತರವಾಗುತ್ತದೆ, ಲೈಕ್ಲಿಹುಡ್ ಏರುತ್ತದೆ. ಹರವು ಸೊನ್ನೆಗೆ ಹೋದರೆ ಲೈಕ್ಲಿಹುಡ್ ಅನಂತ. ಲೆಕ್ಕದ ಪ್ರಕಾರ ಇದಕ್ಕಿಂತ ಒಳ್ಳೆಯ ಉತ್ತರವೇ ಇಲ್ಲ, ಉಪಯೋಗಕ್ಕೆ ಇದಕ್ಕಿಂತ ಕೆಟ್ಟದ್ದೂ ಇಲ್ಲ. ಗುರುತಿಸುವುದು ಸುಲಭ: ಒಂದು ಗುಂಪಿನ ಪಾಲು ಒಂದೋ ಎರಡೋ ಅಂಕಿಗಳಷ್ಟಕ್ಕೆ ಕುಸಿದಿರುತ್ತದೆ, ಹರವು ಸೊನ್ನೆಯ ಪಕ್ಕದಲ್ಲಿರುತ್ತದೆ. ಪೈಥಾನ್‌ನ `scikit-learn` ಬಳಸುವವರು `reg_covar` ಎಂಬ ಹೆಸರಿನ ಪುಟ್ಟ ಅಂಕಿಯೊಂದನ್ನು ಕಂಡಿರಬಹುದು. ಹರವಿನ ಲೆಕ್ಕಕ್ಕೆ ಅದನ್ನು ಕೂಡಿಸುವುದೇ ಈ ಕುಸಿತ ತಡೆಯಲು. ಎಲ್ಲ ಘಂಟೆಗಳಿಗೂ ಒಂದೇ ಹರವು ಎಂದು ಕಟ್ಟಿಹಾಕಿದರೂ ಕಾಯಿಲೆ ವಾಸಿ. ಒಂದು ಸೂಜಿಯಾದರೆ ಇನ್ನೊಂದೂ ಸೂಜಿಯಾಗಬೇಕು, ಆಗ ಉಳಿದ ಅಂಕಿಗಳಿಗೆ ನೆಲೆಯೇ ಇರುವುದಿಲ್ಲ. ಸಿ. ಆರ್. ರಾವ್ ಅವರ ಕಟ್ಟುಪಾಡಿನಲ್ಲಿ ಈ ರಕ್ಷಣೆ ತಾನಾಗಿ ಇತ್ತು.

ಇ-ಎಂ ಹತ್ತುವುದು ತಾನು ನಿಂತ ಜಾಗದ ಗುಡ್ಡವನ್ನು, ನಾಡಿನ ಅತಿ ಎತ್ತರದ ಗುಡ್ಡವನ್ನೇ ಅಲ್ಲ. ಆರಂಭದ ಊಹೆ ಬೇರೆಯಾದರೆ ಮುಟ್ಟುವ ತುದಿಯೂ ಬೇರೆಯಾಗಬಹುದು. ಅದಕ್ಕೆ ಹಲವು ಆರಂಭಗಳಿಂದ ಓಡಿಸಿ, ಹರವು ಕುಸಿದ ಸುಳ್ಳು ಉತ್ತರಗಳನ್ನು ಬಿಟ್ಟು, ಉಳಿದವುಗಳಲ್ಲಿ ಲೈಕ್ಲಿಹುಡ್ ಹೆಚ್ಚಿರುವುದನ್ನು ಇಟ್ಟುಕೊಳ್ಳುವುದು ವಾಡಿಕೆ. ಆರಂಭದ ಊಹೆಗೆ ಸಾಮಾನ್ಯವಾಗಿ ಬಳಸುವುದು ಯಾವುದನ್ನು ಗೊತ್ತೆ? ಕೆ-ಮೀನ್ಸ್ ಉತ್ತರವನ್ನೇ.

ಎಲ್ಲಕ್ಕಿಂತ ಕಠಿಣ ಪ್ರಶ್ನೆ, ಗುಂಪು ಎಷ್ಟು ಎಂಬುದು. ಗುಂಪು ಹೆಚ್ಚಿಸಿದಷ್ಟೂ ಲೈಕ್ಲಿಹುಡ್ ಏರುತ್ತಲೇ ಇರುವುದರಿಂದ ಅದನ್ನು ನೆಚ್ಚುವಂತಿಲ್ಲ. ಅಂದಾಜು ಮಾಡಬೇಕಾದ ಪ್ರತಿ ಹೆಚ್ಚುವರಿ ಅಂಕಿಗೂ ದಂಡ ಹಾಕುವ ಬಿಐಸಿ ಎಂಬ ಅಳತೆಯನ್ನು ಬಳಸುತ್ತಾರೆ. ಆರ್ ಭಾಷೆಯಲ್ಲಿ ಇದಕ್ಕೆಂದೇ ಇರುವ `mclust` ಪೊಟ್ಟಣಕ್ಕೆ ನಮ್ಮ ಬುಗ್ಗೆಯ ಎರಡೂ ಕಾಲಂ ಕೊಟ್ಟು, ನೀನೇ ಆರಿಸು ಎಂದರೆ ಅದು ಎರಡು ಅನ್ನುವುದಿಲ್ಲ, ಮೂರು ಅನ್ನುತ್ತದೆ. ಬೇಗದ ಗುಂಪು 97 ಅಂಕಿಗಳೊಂದಿಗೆ ಹಾಗೇ ಉಳಿಯುತ್ತದೆ. ತಡದ ಗುಂಪು 130 ಮತ್ತು 45 ಎಂದು ಒಡೆಯುತ್ತದೆ, ಚಿಕ್ಕ ಹೋಳಿನಲ್ಲಿ ಚಿಮ್ಮಿನ ಅವಧಿ ಸರಾಸರಿ 3.8 ನಿಮಿಷ, ದೊಡ್ಡದರಲ್ಲಿ 4.5.

ಹಾಗಾದರೆ ನೆಲದೊಳಗೆ ಮೂರನೆಯ ಬಗೆಯ ಚಿಮ್ಮು ಇದೆಯೇ? ಹಾಗೆಂದು ಹೇಳಲು ಈ ಉತ್ತರ ಸಾಲದು. ಬಿಐಸಿ ಆರಿಸಿದ ಮಾದರಿಯಲ್ಲಿ ಮೂರೂ ಅಂಡಾಕಾರಗಳು ಒಂದೇ ಅಚ್ಚಿನವು: ಒಂದೇ ಗಾತ್ರ, ಒಂದೇ ವಾಲಿಕೆ. ತಡದ ಗುಂಪಿನ ಅಂಕಿಗಳು ಬೇಗದ ಗುಂಪಿಗಿಂತ ಅಗಲವಾಗಿ ಹರಡಿವೆ, ಒಂದು ಕಡೆಗೆ ಬಾಲವನ್ನೂ ಚಾಚಿವೆ. ಒಂದು ಅಚ್ಚಿನಲ್ಲಿ ಅವು ಹಿಡಿಸುವುದಿಲ್ಲ, ಅದಕ್ಕೇ ಎರಡು ಅಚ್ಚು. ಓರೆಯಾದ ಒಂದೇ ಗುಂಪನ್ನು ಎರಡು ನೇರ ಘಂಟೆಗಳಿಂದ ತುಂಬಿಸುವುದು ಈ ಮಾದರಿಗೆ ತುಂಬ ಒಗ್ಗಿದ ಕೆಲಸ. ಪಿಯರ್ಸನ್ ಅವರ ಏಡಿಗಳಿಗೂ ಇದೇ ಪ್ರಶ್ನೆ ಅಂಟಿಕೊಂಡಿತ್ತು: ಎರಡು ಘಂಟೆ ಹೊಂದಿತೆಂದ ಮಾತ್ರಕ್ಕೆ ನೇಪಲ್ಸ್‌ನಲ್ಲಿ ಎರಡು ಬಗೆಯ ಏಡಿಗಳಿದ್ದವೇ, ಅಥವಾ ಒಂದೇ ಬಗೆಯ ಏಡಿಗಳ ಅಳತೆ ಓರೆಯಾಗಿ ಹರಡಿತ್ತೇ? ಆಕಾರದ ಆಚೆ ಹೋಗಿ ನೋಡಬೇಕಾದ ವಿಷಯ ಅದು. ಏಡಿಯಾದರೆ ಅದರ ಬೇರೆ ಅಂಗಗಳನ್ನು ಅಳೆಯಬೇಕು, ಬುಗ್ಗೆಯಾದರೆ ಮೂರನೆಯ ಹೋಳಿನ ಆ 45 ಚಿಮ್ಮುಗಳು ನೀರಿನ ಎತ್ತರದಲ್ಲೋ ಒಳಗಿನ ಬಿಸಿಯಲ್ಲೋ ಉಳಿದವುಗಳಿಂದ ಬೇರೆಯಾಗಿ ಕಾಣುತ್ತವೆಯೇ ಎಂದು ಹುಡುಕಬೇಕು.